ಬಿಳಿ ಬೆಕ್ಕು, ಕೆಂಪು ನೆಲ

ಸಾಕಿದ ಪ್ರಾಣಿಯ ಒಳ್ಳೆಯ ಫೋಟೋ ಯಾವತ್ತೂ ಒಳ್ಳೆಯ ಜಾಗದಲ್ಲಿ ಸಿಗುವುದಿಲ್ಲ. ಮುಖ ಚೆನ್ನಾಗಿ ಬಂದಿದೆ ಅನ್ನುವಷ್ಟರಲ್ಲಿ ಹಿಂದೆ ಗ್ಯಾಸ್ ಸಿಲಿಂಡರ್ ಕಾಣಿಸುತ್ತದೆ. ಹಾಗಾಗಿ ಫ್ರೇಮ್ ಹಾಕಿಸುವ ಮುಂಚೆ ಬೆಕ್ಕನ್ನು ಅಲ್ಲಿಂದ ಬಿಡಿಸಬೇಕು.

ಪಕ್ಕದ ಮನೆ ಆಂಟಿಯ ಬಿಳಿ ಬೆಕ್ಕು ರೆಡ್ ಆಕ್ಸೈಡ್ ನೆಲದ ಮೇಲೆ ಮೈಚಾಚಿ ಮಲಗಿತ್ತು. ಫೋಟೋ ವಾಟ್ಸಾಪಿನಲ್ಲಿ ಬಂತು, ಕೂದಲೆಲ್ಲ ಕಲಸಿಹೋಗಿತ್ತು. ಮಾಮೂಲಿಯಾಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. "ಡಾಕ್ಯುಮೆಂಟ್ ಅಂತ ಕಳಿಸಿ ಆಂಟಿ" ಅಂದೆ. 8×10 ಇಂಚಿನ ಪ್ರಿಂಟಿಗೆ ಇಂಚಿಗೆ 300ರಂತೆ 2400×3000 ಪಿಕ್ಸೆಲ್ ಇದ್ದರೆ ಚೆನ್ನ. ಬೆಕ್ಕು ಒಂದು ಮೂಲೆಯಲ್ಲಿ ಪುಟ್ಟದಾಗಿದ್ದರೆ ಇಡೀ ಫೋಟೋ ಎಷ್ಟು ದೊಡ್ಡದಿದ್ದರೂ ಉಪಯೋಗವಿಲ್ಲ.

ಈಗ ಒಂದೇ ಕ್ಲಿಕ್ಕಿಗೆ ಹಿನ್ನೆಲೆ ಹೋಗುತ್ತದೆ, ನಿಜ. ಆದರೆ ಅಂಚು ನೋಡಿ. ಮೂಗು, ಪಾದಕ್ಕೆ ಚೂಪಾದ ಗೆರೆ ಸರಿ. ಹೊಟ್ಟೆಯ ಕೂದಲಿಗೆ ಅದೇ ಗೆರೆ ಹಾಕಿದರೆ ರಟ್ಟಿನ ಬೆಕ್ಕಾಗುತ್ತದೆ. ಅಲ್ಲಿ ಬ್ರಷ್ ಮೆತ್ತಗಿರಬೇಕು. ಅಳಿಸುವ ಬದಲು, ಬೇಡದ ಭಾಗವನ್ನು ಬರೀ ಮರೆಮಾಡುವ ಮಾಸ್ಕ್ ಹಾಕಿದರೆ, ಜಾಸ್ತಿ ಹೋದ ಕೂದಲನ್ನು ವಾಪಸ್ ತರಬಹುದು.

ಅಸಲಿ ತಲೆನೋವು ಬಣ್ಣದ್ದು. ಕೂದಲಿನ ತುದಿಯ ಪಿಕ್ಸೆಲ್‌ಗಳಲ್ಲಿ ಅರ್ಧ ಬೆಕ್ಕು, ಅರ್ಧ ನೆಲ. ನೆಲ ತೆಗೆದರೂ ಅದರ ಕೆಂಪು ಉಳಿಯುತ್ತದೆ. ಆಂಟಿ ಕೇಳಿದ ತಿಳಿನೀಲಿ ಹಿನ್ನೆಲೆ ಇಟ್ಟ ಕೂಡಲೇ ಬೆಕ್ಕಿನ ಸುತ್ತ ಗುಲಾಬಿ ಅಂಚು! ಮೇಲೊಂದು ಲೇಯರ್ ಹಾಕಿ, ಅದನ್ನು ಬೆಳಕು ನೆರಳು ಮುಟ್ಟದೆ ಬಣ್ಣವನ್ನಷ್ಟೇ ಬದಲಿಸುವ Color ಮೋಡಿಗೆ ತಂದು, ಒಳಗಿನ ಬಿಳಿ ಕೂದಲಿನ ಬಣ್ಣವನ್ನೇ ಅಂಚಿಗೆ ತೆಳ್ಳಗೆ ಬಳಿದೆ. ಹೊಟ್ಟೆಯ ಕೆಳಗೆ ನೆಲದ ಕೆಂಪು ಪ್ರತಿಫಲಿಸಿದ್ದೂ ಇತ್ತು. ಅದನ್ನು ಪೂರ್ತಿ ತೆಗೆದರೆ ಬೂದಿ ಬಣ್ಣ ಬರುತ್ತದೆ. ಕೊನೆಗೆ ನೀಲಿ ಬೇಡ, ಕೆನೆ ಬಣ್ಣ ಇರಲಿ ಅಂತ ಒಪ್ಪಿಸಿದೆ. ಅದರ ಮೇಲೆ ಉಳಿದ ಕೆಂಪು ಎದ್ದು ಕಾಣುವುದಿಲ್ಲ. ಕೆಲಸ ಮುಗಿಯಿತು ಅನ್ನಿಸಿದಾಗ ಕೆಳಗೆ ಒಮ್ಮೆ ಕಪ್ಪು, ಒಮ್ಮೆ ಬಿಳಿ ಇಟ್ಟು ನೋಡಬೇಕು. ಒಂದರ ಮೇಲೆ ಕಾಣದ ತಪ್ಪು ಇನ್ನೊಂದರ ಮೇಲೆ ಕಾಣುತ್ತದೆ.

ಮೀಸೆಯನ್ನು ಹಿನ್ನೆಲೆಯಿಂದ ಬಿಡಿಸಲು ಹೆಣಗುವುದಕ್ಕಿಂತ ಹೊಸದಾಗಿ ಎಳೆಯುವುದೇ ಸುಲಭ. ಹಳೆಯ ಫೋಟೋ ಕೆಳಗಿಟ್ಟುಕೊಂಡು, ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗುವ ಒಂದೊಂದೇ ಗೆರೆ. ಇದನ್ನು ಮೋಸ ಅಂತ ಕರೆಯುವವರು ಮೀಸೆ ಇಲ್ಲದ ಬೆಕ್ಕನ್ನು ಒಮ್ಮೆ ನೋಡಲಿ.

ಅದೇ ಬೆಕ್ಕು ಕೀಚೈನಿಗೂ ಬೇಕಂತೆ. ಆಕಾರಕ್ಕೆ ಕತ್ತರಿಸುವ ಅಕ್ರಿಲಿಕ್ಕಿನಲ್ಲಿ ಚಿತ್ರದ ಸುತ್ತ ಎರಡು ಮೂರು ಮಿಲಿಮೀಟರ್ ಅಂಚು ಬಿಡಬೇಕು. ಕೂದಲಿನ ನಯವೆಲ್ಲ ಅಲ್ಲಿ ಲೆಕ್ಕಕ್ಕಿಲ್ಲ. ಚಾಚಿದ ಬಾಲವೂ ಬೇಡ, ಬೀಗದ ಕೈಗಳ ಜೊತೆ ಬಡಿದು ಮೊದಲು ಮುರಿಯುವುದು ಅದೇ. ತಲೆ ಮಾತ್ರ ಸಾಕು ಅಂದೆ. "ಬಾಲ ಇಲ್ಲದಿದ್ರೂ ಪರವಾಗಿಲ್ಲಪ್ಪ, ಮೀಸೆ ಇರಲಿ" ಅಂದರು ಆಂಟಿ. ಎರಡೂ ಕೆನ್ನೆಯ ಪಕ್ಕ ಅಂಚನ್ನು ಅಗಲ ಮಾಡಿ, ಮೀಸೆಯನ್ನು ಸ್ವಲ್ಪ ಮೋಟಾಗಿಸಿ ಒಳಗೇ ಕೂರಿಸಿದೆ. ರಿಂಗಿನ ತೂತು ಕಿವಿಯ ಮೇಲೆ ಬೀಳದಂತೆ, ಎರಡು ಕಿವಿಗಳ ನಡುವೆ ಬಂತು.