ಏಳು ಸಾರಿ ಸಾರಿ

‘ಸಾರಿ ಸಾರಿ ಹೇಳು’ ಅಂದರೆ ಡಂಗುರ ಹೊಡೆದ ಹಾಗೆ ಊರಿಗೆಲ್ಲ ಕೇಳುವಂತೆ ಹೇಳು ಎಂದರ್ಥ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಮಾತನ್ನು ಅಕ್ಷರಶಃ ಪಾಲಿಸುತ್ತಾರೆ. ಗಡುವು ಎರಡು ದಿನ ಮುಂದೆ ಹೋಗಬೇಕು ಅಂತ ಕೇಳುವ ಒಂದು ಮೇಲ್‌ನಲ್ಲಿ ಎಷ್ಟು ಸಾರಿ ‘ಸಾರಿ’ ಹಿಡಿಸಬಹುದು ಎಂಬುದಕ್ಕೆ ಕೆಳಗಿನದು ಒಂದು ಮಾದರಿ. ಜಾಗ, ಆಡಿಟರ್ ಆಫೀಸು. ಕೆಲಸ, ಸಿಮೆಂಟು-ಕಬ್ಬಿಣದ ಅಂಗಡಿಯೊಂದರ ಖರೀದಿ ಲೆಕ್ಕವನ್ನು, ಮಾರಿದವರು ತೋರಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ 2ಬಿ ಪಟ್ಟಿಯ ಜೊತೆ ತಾಳೆ ನೋಡುವುದು. ಗಡುವು 16ನೇ ತಾರೀಖು ಸಂಜೆ 6 ಗಂಟೆ. ಮೇಲ್ ಹೊರಟಿದ್ದು ಅದೇ ದಿನ ಸಂಜೆ ನಾಲ್ಕೂವರೆಗೆ. ವಿಷಯದ ಸಾಲಿನಲ್ಲಿ ‘ಒಂದು ಚಿಕ್ಕ ವಿನಂತಿ’ ಎಂದಿದೆ.

“ನಮಸ್ಕಾರ ಸರ್, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಮೊದಲಿಗೆ ತುಂಬಾ ಸಾರಿ. ತಾವು ಎಷ್ಟು ಬಿಜಿ ಅಂತ ಗೊತ್ತಿದ್ದೂ ಮೇಲ್ ಹಾಕುತ್ತಿದ್ದೇನೆ, ಸಾರಿ. 2ಬಿ ತಾಳೆ ಇನ್ನೂ ಪೂರ್ತಿ ಆಗಿಲ್ಲ ಸರ್, ಸಾರಿ. ಇದು ಪೂರ್ತಿ ನನ್ನದೇ ತಪ್ಪು, ಇನ್ನೂ ಬೇಗ ಮಾಡಬೇಕಿತ್ತು, ಸಾರಿ. ಕೆಲವು ಬಿಲ್ಲುಗಳು ತಾಳೆಯಾಗುತ್ತಿಲ್ಲ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಅದಕ್ಕೂ ಸಾರಿ. ತಮಗೆ ಅಡ್ಡಿ ಇಲ್ಲದಿದ್ದರೆ, ಸಾಧ್ಯವಾದರೆ, ಸ್ವಲ್ಪ ಟೈಮ್ ಸಿಕ್ಕರೆ ಅನುಕೂಲವಾಗುತ್ತಿತ್ತು. ಆಗದಿದ್ದರೂ ಪರವಾಗಿಲ್ಲ ಸರ್, ರಾತ್ರಿ ಕೂತು ಹೇಗೋ ಮುಗಿಸುತ್ತೇನೆ. ಇಷ್ಟುದ್ದ ಬರೆದಿದ್ದಕ್ಕೆ ಸಾರಿ. ಮತ್ತೊಮ್ಮೆ ಸಾರಿ.”

ಒಟ್ಟು ಏಳು. 2ಬಿಯಲ್ಲಿರುವ ಎರಡನ್ನು ಬಿಟ್ಟರೆ ಇಡೀ ಮೇಲ್‌ನಲ್ಲಿ ಒಂದು ಅಂಕಿಯೂ ಇಲ್ಲ. ಕೆಲಸ ಮಾಡುವುದೇ ಅಂಕಿಗಳ ಜೊತೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಈ ಮೇಲ್ ಸೀನಿಯರ್ ಕೈಸೇರುವುದು ಹೇಗೆ ಅಂತ ನೋಡೋಣ. 16ನೇ ತಾರೀಖು ಅಂದರೆ ಆಡಿಟರ್ ಆಫೀಸಿನಲ್ಲಿ ಮದುವೆ ಮನೆಯ ಹಿಂದಿನ ದಿನ ಇದ್ದ ಹಾಗೆ. 2ಬಿ ಪಟ್ಟಿ ಪೋರ್ಟಲ್‌ನಲ್ಲಿ ಬರುವುದು 14ಕ್ಕೆ, ತಿಂಗಳ ರಿಟರ್ನ್ 3ಬಿ ಹಾಕಬೇಕಾದ್ದು 20ಕ್ಕೆ. ನಡುವಿನ ಆರು ದಿನದಲ್ಲಿ ಎಲ್ಲ ಅಂಗಡಿಗಳ ತಾಳೆಯೂ ಮುಗಿಯಬೇಕು. ಸೀನಿಯರ್ ಮೇಲ್ ಓದುವುದು ಮೊಬೈಲಿನಲ್ಲಿ, ಒಂದು ಕೈಯಲ್ಲಿ ಕಾಫಿ ಹಿಡಿದುಕೊಂಡು. ತೆರೆಯುವ ಮೊದಲು ಕಾಣಿಸುವುದು ವಿಷಯದ ಸಾಲು ಮತ್ತು ಮೊದಲ ಹತ್ತು-ಹನ್ನೆರಡು ಪದ. ಅಲ್ಲಿ ಕಾಣುವುದು ‘ಚಿಕ್ಕ ವಿನಂತಿ’, ‘ತೊಂದರೆ’, ‘ತುಂಬಾ ಸಾರಿ’. ಹುಡುಗ ರಜೆ ಕೇಳುತ್ತಿದ್ದಾನೋ, ಕೆಲಸ ಬಿಡುತ್ತಿದ್ದಾನೋ, ಲ್ಯಾಪ್‌ಟಾಪ್ ಮೇಲೆ ಸಾರು ಚೆಲ್ಲಿದ್ದಾನೋ, ಏನೂ ಗೊತ್ತಾಗುವುದಿಲ್ಲ. ಪೂರ್ತಿ ತೆರೆದರೆ ಕಣ್ಣು ನೇರ ಕೊನೆಗೆ ಓಡಿ ‘ರಾತ್ರಿ ಕೂತು ಹೇಗೋ ಮುಗಿಸುತ್ತೇನೆ’ ಎಂಬಲ್ಲಿ ನಿಲ್ಲುತ್ತದೆ. ಉತ್ತರ ಬರುತ್ತದೆ: “ಸರಿ, ಹಾಗೇ ಮಾಡಪ್ಪ.” ಏಳು ಸಾರಿಗೆ ಒಂದು ಸರಿ.

ಇನ್ನು ರಾತ್ರಿ ಕೂತರೆ ಆಗುವ ಕೆಲಸವೂ ಅದಲ್ಲ. ಬಿಲ್ಲಿನ ಪ್ರತಿಗಳಿರುವುದು ಅಂಗಡಿಯ ಗಲ್ಲಾದ ಕೆಳಗಿನ ಫೈಲಿನಲ್ಲಿ. ಅಂಗಡಿಯ ಬಾಗಿಲು ತೆರೆಯುವುದು ಬೆಳಿಗ್ಗೆ.

ಹಾಗಾಗಿ ಕತ್ತರಿ. ಮೊದಲ ಕೆಲಸ ಯಾಂತ್ರಿಕವಾದದ್ದು. Ctrl+F ಒತ್ತಿ ‘ಸಾರಿ’ ಹುಡುಕಬೇಕು, ಸಿಕ್ಕಿದ ಪ್ರತಿಯೊಂದನ್ನೂ ಒಂದು ಪ್ರಶ್ನೆ ಕೇಳಬೇಕು: ‘ನೀನು ಯಾವ ತಪ್ಪಿಗೆ ಬಂದವನು?’ ಮೊದಲನೆಯದು, ಎರಡನೆಯದು, ಆರನೆಯದು ಮೂರೂ ಮೇಲ್ ಬರೆದ ತಪ್ಪಿಗೆ ಬಂದಿವೆ. ಮೇಲ್ ಬರೆಯುವುದು ಕೆಲಸದ ಭಾಗ, ತಪ್ಪಲ್ಲ. ಅದರಲ್ಲೂ ಆರನೆಯದರ ಅವಸ್ಥೆ ನೋಡಿ: ಮಿಕ್ಕ ಸಾರಿಗಳಿಂದಲೇ ಮೇಲ್ ಉದ್ದವಾಗಿದೆ, ಆ ಉದ್ದಕ್ಕೆ ಇವನು ಸಾರಿ ಕೇಳುತ್ತಿದ್ದಾನೆ. ಅವರು ಹೋದರೆ ಇವನಿಗೆ ಕೆಲಸವೇ ಇಲ್ಲ. ಏಳನೆಯದು ‘ಮತ್ತೊಮ್ಮೆ’ ಎಂದು ತಾನೇ ಒಪ್ಪಿಕೊಂಡಿದೆ, ವಿಚಾರಣೆಯ ಅಗತ್ಯವಿಲ್ಲ. ಮೂರನೆಯದು ‘ತಾಳೆ ಪೂರ್ತಿ ಆಗಿಲ್ಲ’ ಎಂಬ ಸುದ್ದಿಯ ಬಾಲಕ್ಕೆ ಅಂಟಿಕೊಂಡಿದೆ. ಸುದ್ದಿ ಇರಲಿ, ಬಾಲ ಬೇಡ.

ನಾಲ್ಕನೆಯದು ಅಪಾಯದ್ದು, ಯಾಕೆಂದರೆ ಅದು ಸುಳ್ಳು. ‘ಪೂರ್ತಿ ನನ್ನದೇ ತಪ್ಪು’ ಎನ್ನುವ ಮೊದಲು ಲೆಕ್ಕ ನೋಡಬೇಕು. ಆ ತಿಂಗಳ ಖರೀದಿ ಬಿಲ್ಲು 312. ಅದರಲ್ಲಿ 284 ತಾಳೆಯಾಗಿವೆ. ಉಳಿದ 28ರಲ್ಲಿ 17 ಬಿಲ್ಲುಗಳು 2ಬಿಯಲ್ಲಿ ಇವೆ, ಆದರೆ ನಂಬರ್ ಬೇರೆ. ಅಂಗಡಿಯ ಪುಸ್ತಕದಲ್ಲಿ ‘0045’ ಎಂದಿದ್ದರೆ ಮಾರಿದವರು ‘45’ ಎಂದು ಹಾಕಿದ್ದಾರೆ. ಮನುಷ್ಯರಿಗೆ ಎರಡೂ ಒಂದೇ, ಎಕ್ಸೆಲ್‌ಗೆ ಇಬ್ಬರೂ ಅಪರಿಚಿತರು. ಮಿಕ್ಕ 11 ಬಿಲ್ಲು 2ಬಿಯಲ್ಲೇ ಇಲ್ಲ. ಮಾರಿದವರು ತಮ್ಮ ಮಾರಾಟದ ಆರ್-1 ರಿಟರ್ನನ್ನು 11ನೇ ತಾರೀಖಿನೊಳಗೆ ಹಾಕಿಲ್ಲ, ಇಲ್ಲವೇ ಹಾಕುವಾಗ ಬೇರೆ ಯಾರದೋ ಜಿಎಸ್‌ಟಿ ನಂಬರ್ ಒತ್ತಿದ್ದಾರೆ. ಇದರಲ್ಲಿ ಹುಡುಗನ ತಪ್ಪು ಎಲ್ಲಿಂದ ಬಂತು? ಎದುರಿಗೆ ನಿಂತು ‘ನಂದೇ ತಪ್ಪು ಸರ್’ ಎಂದರೆ ಅದು ಸೌಜನ್ಯ, ಹತ್ತು ನಿಮಿಷಕ್ಕೆ ಮರೆತುಹೋಗುತ್ತದೆ. ಮೇಲ್‌ನಲ್ಲಿ ಬರೆದದ್ದು ದಾಖಲೆ. ಮಾರ್ಚ್‌ನಲ್ಲಿ ಸಂಬಳ ಏರಿಸುವ ಮಾತು ಬಂದಾಗ ಎದ್ದು ಕೂರುತ್ತದೆ.

ಐದನೆಯದು ಮಾತ್ರ ಅಸಲಿ. 28 ಬಿಲ್ಲು ಹೊಂದುತ್ತಿಲ್ಲ ಎಂಬುದು ಆತನಿಗೆ 15ರ ಮಧ್ಯಾಹ್ನವೇ ಗೊತ್ತಿತ್ತು. ಹೇಳಿದ್ದು 16ರ ಸಂಜೆ. ಈ ಒಂದು ದಿನದಲ್ಲಿ ನಿಜವಾದ ನಷ್ಟವಿದೆ. 2ಬಿಯಲ್ಲಿಲ್ಲದ ಆ 11 ಬಿಲ್ಲಿನ ತೆರಿಗೆ 86,400 ರೂಪಾಯಿ. ಮಾರಿದವರು ಈಗ ಓಡಿಹೋಗಿ ರಿಟರ್ನ್ ಹಾಕಿದರೂ ಅದು ಮುಂದಿನ ತಿಂಗಳ 2ಬಿಗೆ ಬರುತ್ತದೆ, ಈ ತಿಂಗಳು ಅಂಗಡಿಯವರು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಸಿಗುವುದಿಲ್ಲ. ಅಂದರೆ ಅಂಗಡಿಯವರು 20ರೊಳಗೆ ಅಷ್ಟು ಹಣವನ್ನು ನಗದಾಗಿ ಹೊಂದಿಸಿ ಕಟ್ಟಬೇಕು. ತಡವಾದರೆ ಆ ಮೊತ್ತಕ್ಕೆ ವರ್ಷಕ್ಕೆ ಶೇಕಡ 18ರ ಬಡ್ಡಿ, ರಿಟರ್ನಿಗೆ ದಿನಕ್ಕೆ 50 ರೂಪಾಯಿ ತಡಶುಲ್ಕ. ಪೋರ್ಟಲ್ ಎಷ್ಟು ಸಾರಿ ಕೇಳಿದರೂ ಕರಗುವ ಜಾತಿಯಲ್ಲ. ಸೀನಿಯರ್‌ಗೆ ಬೇಕಾಗಿದ್ದದ್ದು ಈ ಸುದ್ದಿ. ಏಳು ಸಾರಿಗಳ ನೂಕುನುಗ್ಗಲಿನಲ್ಲಿ ಒಳಗೆ ಬರಲಾಗದೆ ಹೊರಗೇ ಉಳಿದದ್ದೂ ಇದೇ. ಹಾಗಾಗಿ ಐದನೆಯ ಸಾರಿಯನ್ನು ಉಳಿಸಬೇಕು, ಆದರೆ ಮೇಲ್‌ನ ಬಾಗಿಲಲ್ಲಿ ನಿಲ್ಲಿಸಬಾರದು. ಕೇಳಬೇಕಾದ್ದು ಕೇಳಿ, ಲೆಕ್ಕ ಹೇಳಿ, ಆಮೇಲೆ ಒಂದು ಸಾಲಿನಲ್ಲಿ.

‘ಸಾರಿ’ ಕೆಳದರ್ಜೆಯದು ಅನಿಸಿ ಕೆಲವರು ಅದನ್ನು ತೆಗೆದು ‘ಕ್ಷಮಿಸಿ’ ಹಾಕುತ್ತಾರೆ. ಇದು ಕತ್ತರಿಸಿದಂತಲ್ಲ, ಕಿರೀಟ ತೊಡಿಸಿದಂತೆ. ‘ತಾಳೆ ಪಟ್ಟಿ ವಿಳಂಬವಾದುದಕ್ಕೆ ತಾವು ನನ್ನನ್ನು ಕ್ಷಮಿಸಬೇಕು’ ಎಂದು ಓದಿದ ಕೂಡಲೇ ಹಿಂದಿನಿಂದ ಹಾರ್ಮೋನಿಯಂ ಕೇಳಿಸುತ್ತದೆ.

ಸಾರಿಗಳು ಹೋದ ಮೇಲೆ ಕಣ್ಣಿಗೆ ಬೀಳುವುದು ಅವುಗಳ ದಾಯಾದಿಗಳು: ‘ಅಡ್ಡಿ ಇಲ್ಲದಿದ್ದರೆ’, ‘ಸಾಧ್ಯವಾದರೆ’, ‘ಸ್ವಲ್ಪ’. ಇವುಗಳಲ್ಲಿ ‘ಸ್ವಲ್ಪ ಟೈಮ್’ ಎಲ್ಲಕ್ಕಿಂತ ಮೋಸದ್ದು. ಹುಡುಗನ ಮನಸ್ಸಿನಲ್ಲಿ ಸ್ವಲ್ಪ ಅಂದರೆ ಎರಡು ದಿನ, ಸೀನಿಯರ್ ಮನಸ್ಸಿನಲ್ಲಿ ಏಳು ಗಂಟೆ. ಇಬ್ಬರೂ ಒಪ್ಪಿಕೊಂಡು, ಏಳೂಕಾಲಿಗೆ ಜಗಳ. ಆದ್ದರಿಂದ ತಾರೀಖು, ಗಂಟೆ ಎರಡೂ ಬರೆಯಬೇಕು. ಅದನ್ನು ಲೆಕ್ಕ ಹಾಕಿಯೇ ಬರೆಯಬೇಕು. ಬಿಲ್ಲಿನ ಪ್ರತಿ ಬರುವುದು 17ರ ಬೆಳಿಗ್ಗೆ. ಒಂದೊಂದನ್ನೂ ನೋಡಿ ಪುಸ್ತಕದಲ್ಲಿ ತಿದ್ದಲು ಹತ್ತು ನಿಮಿಷ ಅಂದರೂ 17 ಬಿಲ್ಲಿಗೆ ಸುಮಾರು ಮೂರು ಗಂಟೆ. 17ರ ಸಂಜೆಗೆ ಮುಗಿಯುತ್ತದೆ ಎನ್ನಬಹುದು. ಆದರೆ ‘ಬೆಳಿಗ್ಗೆ ಕಳಿಸ್ತೀವಿ’ ಎನ್ನುವ ಅಂಗಡಿಯವರ ಬೆಳಿಗ್ಗೆ ಊಟವಾದ ಮೇಲೂ ಆಗಬಹುದು. 18ರ ಮಧ್ಯಾಹ್ನ 12 ಅಂದರೆ ಆ ಅರ್ಧ ದಿನವೂ ಒಳಗೆ ಬಂತು, ಸೀನಿಯರ್‌ಗೆ ನೋಡಲು ಎರಡು ದಿನವೂ ಉಳಿಯಿತು. ಸಂಕೋಚದಿಂದ 17 ಎಂದು ಕೇಳಿ ಮತ್ತೆ 17ರ ಸಂಜೆ ಇನ್ನೊಂದು ಮೇಲ್ ಹಾಕುವುದಿದೆಯಲ್ಲ, ಅದಕ್ಕೆ ಮಾತ್ರ ಏಳು ಸಾರಿಯೂ ಸಾಲದು.

ಹೀಗೆ ಕತ್ತರಿಸುತ್ತ ಹೋದವರು ಕೈ ತಡೆಯದೆ ಎಲುಬು ಕಾಣುವವರೆಗೂ ಹೋಗುವುದುಂಟು. ಕೊನೆಗೆ ಉಳಿಯುವುದು: ‘ಪಟ್ಟಿ 18ಕ್ಕೆ ಕೊಡ್ತೀನಿ.’ ಇದು ಕೇಳಿದ್ದಲ್ಲ, ಆಜ್ಞೆ ಹೊರಡಿಸಿದ್ದು. ಸೀನಿಯರ್ ಕೆಂಪಾಗುತ್ತಾರೆ, ಅದು ನ್ಯಾಯವೂ ಹೌದು. ಕನ್ನಡದಲ್ಲಿ ಮರ್ಯಾದೆ ಕೂತಿರುವುದು ಕ್ರಿಯಾಪದದ ತುದಿಯಲ್ಲಿ. ಒಂದು ‘ಸರ್’, ಒಂದು ‘ಕೊಡುತ್ತೀರಾ?’ ಇದ್ದರೆ ಸಾಕು, ಮಿಕ್ಕದ್ದನ್ನೆಲ್ಲ ನಿಶ್ಚಿಂತೆಯಿಂದ ಕತ್ತರಿಸಬಹುದು. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು.

ಕತ್ತರಿ ಕೆಳಗಿಟ್ಟ ಮೇಲೆ ಮೇಲ್ ಹೀಗಿರುತ್ತದೆ. ವಿಷಯದ ಸಾಲು: ‘2ಬಿ ತಾಳೆ ಪಟ್ಟಿ – 18ರ ಮಧ್ಯಾಹ್ನ 12ರವರೆಗೆ ಸಮಯ ಬೇಕಿತ್ತು’.

“ನಮಸ್ಕಾರ ಸರ್, ಇವತ್ತು ಸಂಜೆ 6ಕ್ಕೆ ಕೊಡಬೇಕಿದ್ದ ತಾಳೆ ಪಟ್ಟಿಗೆ 18ರ ಮಧ್ಯಾಹ್ನ 12ರವರೆಗೆ ಸಮಯ ಕೊಡುತ್ತೀರಾ? 312 ಬಿಲ್ಲಿನಲ್ಲಿ 284 ತಾಳೆಯಾಗಿವೆ, ಆ ಪಟ್ಟಿ ಜೊತೆಗಿದೆ. 17 ಬಿಲ್ಲಿಗೆ ನಂಬರ್ ವ್ಯತ್ಯಾಸ ಇದೆ, ಅಂಗಡಿಯವರು ನಾಳೆ ಬೆಳಿಗ್ಗೆ ಪ್ರತಿ ಕಳಿಸುತ್ತಾರೆ. 11 ಬಿಲ್ಲು 2ಬಿಯಲ್ಲಿಲ್ಲ. ಅವುಗಳ ತೆರಿಗೆ 86,400 ರೂಪಾಯಿ ಈ ತಿಂಗಳು ಸಿಗುವುದಿಲ್ಲ, ಹಣ ಹೊಂದಿಸಲು ಅಂಗಡಿಯವರಿಗೆ ಇವತ್ತೇ ತಿಳಿಸುವುದು ಒಳ್ಳೆಯದು. ನಿನ್ನೆ ಮಧ್ಯಾಹ್ನವೇ ಗೊತ್ತಾಗಿತ್ತು, ಆಗಲೇ ಹೇಳಬೇಕಿತ್ತು, ಸಾರಿ. ಸಮಯ ಕೊಡಲು ಆಗದಿದ್ದರೆ 284ಕ್ಕೆ ಮಾತ್ರ ಇವತ್ತೇ ಮುಗಿಸಿ, ಆ 17 ಬಿಲ್ಲನ್ನು ಮುಂದಿನ ತಿಂಗಳಿಗೆ ಇಡುತ್ತೇನೆ.”

‘ರಾತ್ರಿ ಕೂತು’ ಇದ್ದ ಜಾಗಕ್ಕೆ ಕೊನೆಯ ಸಾಲು ಬಂದಿದೆ. ಇದರ ಮೇಲೆ ಸೀನಿಯರ್ ‘ಹಾಗೇ ಮಾಡಪ್ಪ’ ಎಂದರೂ ಹುಡುಗನ ನಿದ್ದೆ ಕೆಡುವುದಿಲ್ಲ. ಹೆಚ್ಚಿನ ಪಕ್ಷ ಬರುವ ಉತ್ತರ: “ಸರಿ. 86,400ಕ್ಕೆ ನಾನೇ ಫೋನ್ ಮಾಡ್ತೀನಿ.”

ಕತ್ತರಿಯನ್ನು ಇನ್ನೂ ಡ್ರಾಯರಿಗೆ ಹಾಕಬೇಡಿ. ಸರಿ ಸಿಕ್ಕ ಖುಷಿಯಲ್ಲಿ ಆ ಕಡೆ ಹುಡುಗ ಟೈಪ್ ಮಾಡುತ್ತಿರುವುದು ಕಾಣಿಸುತ್ತಿದೆ: ‘ತುಂಬಾ ಥ್ಯಾಂಕ್ಸ್ ಸರ್, ತಮಗೆ ಫೋನ್ ಮಾಡುವ ಕೆಲಸ ಕೊಟ್ಟಿದ್ದಕ್ಕೆ ಸಾ’