96.67 ಅಂದರೆ 116 ಫೋಟೋ

ಬಾಗಲಕೋಟೆ, ವಿಜಯಪುರ ಕಡೆಯ ಕಾಲೇಜುಗಳಿಗೆ ಫೈನಲ್ ಇಯರ್ ಪ್ರಾಜೆಕ್ಟ್ ವೈವಾಕ್ಕೆ ಎಕ್ಸ್‌ಟರ್ನಲ್ ಆಗಿ ಹೋಗುತ್ತಿರುತ್ತೇನೆ. ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಬಂದರೆ ನಾನು ಮೊದಲು ಕೇಳುವುದು ಒಂದೇ: "ಪ್ರೋಗ್ರಾಮ್ ಇನ್ನೊಮ್ಮೆ ಓಡಿಸ್ರಿ." ಇದು ಮಕ್ಕಳನ್ನು ಹೆದರಿಸುವ ಕೆಲಸ ಅಂತ ಕೆಲವು ಗೈಡ್‌ಗಳಿಗೆ ಬೇಸರ ಇದೆ. ಎರಡನೇ ಸಲ ಬರದ ಅಕ್ಯುರೆಸಿಯನ್ನು ನಾನು ರಿಸಲ್ಟ್ ಅಂತ ಒಪ್ಪುವುದಿಲ್ಲ. ಯಾಕೆ ಅಂತ ಒಂದು ಪ್ರಾಜೆಕ್ಟ್ ಇಟ್ಟುಕೊಂಡೇ ಹೇಳುತ್ತೇನೆ.

ದಾಳಿಂಬೆ ಹಣ್ಣಿನ ಫೋಟೋ ನೋಡಿ ದುಂಡಾಣು ಅಂಗಮಾರಿ ರೋಗ ಇದೆಯೋ ಇಲ್ಲವೋ ಹೇಳುವ ಪ್ರಾಜೆಕ್ಟ್ ಅದು. ನಮ್ಮ ಕಡೆ ದಾಳಿಂಬೆ ಬೆಳೆದವರಿಗೆ ಆ ರೋಗದ ಬಗ್ಗೆ ನಾನು ಹೇಳಬೇಕಾಗಿಲ್ಲ. ಹುಡುಗರು ತಾವೇ ತೋಟಗಳಿಗೆ ಹೋಗಿ 600 ಫೋಟೋ ತೆಗೆದಿದ್ದರು. ಪ್ರತಿ ಫೋಟೋದಿಂದ ಬಣ್ಣ ಮತ್ತು ಮೇಲ್ಮೈಯ ಅಳತೆಗಳನ್ನು ತೆಗೆದು, ಹಲವು ನಿರ್ಧಾರ-ಮರಗಳ ಮತ ಸೇರಿಸಿ ಉತ್ತರ ಹೇಳುವ ರ‍್ಯಾಂಡಮ್ ಫಾರೆಸ್ಟ್‌ಗೆ ಕೊಟ್ಟಿದ್ದರು. ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಅಕ್ಯುರೆಸಿ 96.67. ಇನ್ನೊಮ್ಮೆ ಓಡಿಸಿದಾಗ ಸ್ಕ್ರೀನ್ ಮೇಲೆ 91.67 ಬಂತು. ಮತ್ತೊಮ್ಮೆ ಓಡಿಸಿದರೆ 94.17.

"ಸರ್, ನಿನ್ನೆ ಬರೊಬ್ಬರಿ 96 ಬಂದಿತ್ರಿ. ಇವತ್ತ ಯಾಕೋ ಕಡಿಮಿ ತೋರಸಾಕತ್ತೈತ್ರಿ."

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. 96.67 ನಿಜವಾಗಿಯೂ ಬಂದಿತ್ತು. ಕಾರಣ ಈ ಒಂದು ಸಾಲಿನಲ್ಲಿದೆ:

```python
X_tr, X_te, y_tr, y_te = train_test_split(X, y, test_size=0.2)
```

ಈ ಫಂಕ್ಷನ್ ನಾವು ಬೇಡ ಅನ್ನದಿದ್ದರೆ ಡೇಟಾವನ್ನು ತಾನೇ ಶಫಲ್ ಮಾಡುತ್ತದೆ. `random_state` ಅಂತ ಒಂದು ಸಂಖ್ಯೆ, ಅಂದರೆ ಸೀಡ್, ಕೊಡದಿದ್ದರೆ ಪ್ರತಿ ಸಲವೂ ಬೇರೆ ಥರ ಶಫಲ್ ಮಾಡುತ್ತದೆ. ಅಂದರೆ ಪ್ರೋಗ್ರಾಮ್ ಓಡಿದಾಗಲೆಲ್ಲ ಯಾವ 480 ಫೋಟೋ ಕಲಿಯಲು, ಯಾವ 120 ಫೋಟೋ ಪರೀಕ್ಷೆಗೆ ಅನ್ನುವುದು ಹೊಸದಾಗಿ ಚೀಟಿ ಎತ್ತಿದ ಹಾಗೆ. ಅದರ ಮೇಲೆ ರ‍್ಯಾಂಡಮ್ ಫಾರೆಸ್ಟ್ ತನ್ನ ಒಂದೊಂದು ಮರಕ್ಕೂ ಸಾಲುಗಳನ್ನು, ಮರದ ಒಂದೊಂದು ಕವಲಿಗೂ ಅಳತೆಗಳನ್ನು ಬೇಕಾಬಿಟ್ಟಿ ಆರಿಸಿಕೊಳ್ಳುತ್ತದೆ. ಅಲ್ಲಿಯೂ ಸೀಡ್ ಕೊಟ್ಟಿರಲಿಲ್ಲ.

ಈಗ 96.67 ಅನ್ನು ಬಿಡಿಸಿ ನೋಡಿ. ಟೆಸ್ಟ್‌ಗೆ ಇದ್ದದ್ದು 120 ಫೋಟೋ. ಒಂದು ಫೋಟೋ ಆಚೀಚೆ ಆದರೆ ಅಕ್ಯುರೆಸಿ 0.83 ಬದಲಾಗುತ್ತದೆ. 96.67 ಅಂದರೆ 116 ಸರಿ. 91.67 ಅಂದರೆ 110 ಸರಿ. ಎರಡರ ನಡುವೆ ಇರುವುದು ಬರೀ ಆರು ಫೋಟೋ! ದಶಾಂಶದ ಎರಡು ಸ್ಥಾನ ಬರೆದ ಕೂಡಲೇ ಲೆಕ್ಕ ಬಹಳ ಸೂಕ್ಷ್ಮ ಅನ್ನಿಸುತ್ತದೆ, ಆದರೆ 120 ಫೋಟೋದ ಪರೀಕ್ಷೆಗೆ ಅಷ್ಟು ಸೂಕ್ಷ್ಮವಾಗಿ ಅಳೆಯುವ ಶಕ್ತಿಯೇ ಇಲ್ಲ.

ಎಷ್ಟು ಆಚೀಚೆ ಆಗುವುದು ಸಹಜ ಅಂತ ಅಂದಾಜು ಮಾಡುವುದು ಕಷ್ಟವಲ್ಲ. ಮಾಡೆಲ್‌ನ ಅಸಲಿ ಅಕ್ಯುರೆಸಿ 93 ಅಂತಲೇ ಇಟ್ಟುಕೊಳ್ಳಿ. 0.93 ಗುಣಿಸು 0.07, ಅದನ್ನು 120ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.023 ಬರುತ್ತದೆ. ಅಂದರೆ ಶೇ 2.3. ಅದರ ಎರಡು ಪಟ್ಟು ಆಚೆ ಈಚೆ ಹೋಗುವುದು ಮಾಮೂಲು. ಹಾಗಾಗಿ 93ರ ಮಾಡೆಲ್ ಒಂದು ದಿನ 89 ತೋರಿಸಬಹುದು, ಇನ್ನೊಂದು ದಿನ 97 ತೋರಿಸಬಹುದು. ಮಾಡೆಲ್ ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ನಿನ್ನೆಯ 96, ಇವತ್ತಿನ 91 ಎರಡೂ ಅದೇ ಮಾಡೆಲ್‌ನದ್ದೇ ಆಗಿರಬಹುದು.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೊಡುವ ಉತ್ತರ: "ಸರ್, ಹಂಗಾದ್ರ `random_state=42` ಹಾಕಿಬಿಡ್ತೀವ್ರಿ." ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. ಸೀಡ್ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಆಗುವುದು ಇಷ್ಟೇ: ನೀವು ಎತ್ತಿದ ಆ ಒಂದು ಚೀಟಿ ಪ್ರತಿ ಸಲವೂ ನಿಮ್ಮ ಕೈಗೇ ಬರುತ್ತದೆ. ಆ ಚೀಟಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಅದು ಹೇಳುವುದಿಲ್ಲ. 42ರಲ್ಲಿ 110 ಸರಿ ಬಂದು 7ರಲ್ಲಿ 116 ಸರಿ ಬಂದರೆ ಹುಡುಗರು ಯಾವುದನ್ನು ರಿಪೋರ್ಟಿಗೆ ಹಾಕುತ್ತಾರೆ? ಕೇಳುವುದೇ ಬೇಡ ಅಲ್ವಾ. ಇಪ್ಪತ್ತು ಸೀಡ್ ಓಡಿಸಿ ಅತಿ ಹೆಚ್ಚು ಬಂದದ್ದನ್ನು ಮಾತ್ರ ಬರೆದರೆ, ಮೇಲಿನ ಲೆಕ್ಕದ ಪ್ರಕಾರ 93ರ ಮಾಡೆಲ್ 97ರ ಆಸುಪಾಸಿನ ಮಾಡೆಲ್ ಆಗಿಬಿಡುತ್ತದೆ. ಅದನ್ನು ಯಾರು ಬೇಕಾದರೂ ಮತ್ತೆ ಓಡಿಸಬಹುದು, ಅದೇ 97 ಬರುತ್ತದೆ. ಮತ್ತೆ ಬರುತ್ತದೆ ಅಂದ ಮಾತ್ರಕ್ಕೆ ನಂಬಬಹುದು ಅಂತ ಅಲ್ಲ.

ಹಾಗಾದರೆ ಏನು ಮಾಡಬೇಕು? ಸೀಡ್ ಒಂದಲ್ಲ, ಹತ್ತು ಕೊಡಿ. ಹತ್ತನ್ನೂ ತೋರಿಸಿ.

```python
for s in range(10):
    X_tr, X_te, y_tr, y_te = train_test_split(
        X, y, test_size=0.2, stratify=y, random_state=s)
    m = RandomForestClassifier(random_state=0).fit(X_tr, y_tr)
    print(s, m.score(X_te, y_te))
```

ವೈವಾ ಕೋಣೆಯಲ್ಲೇ ಇದನ್ನು ಓಡಿಸಿದೆವು. ಚಹಾ ಬರುವುದರೊಳಗೆ ಮುಗಿಯಿತು. ಹತ್ತು ಸಲದಲ್ಲಿ 120ಕ್ಕೆ 108 ಸರಿ ಬಂದದ್ದೂ ಇತ್ತು, 116 ಬಂದದ್ದೂ ಇತ್ತು. ಸರಾಸರಿ 93ರ ಹತ್ತಿರ. ರಿಪೋರ್ಟಿನಲ್ಲಿ ಬರೆಯಬೇಕಾದದ್ದು ಇದನ್ನೇ: ಸರಾಸರಿ ಇಷ್ಟು, ಕಡಿಮೆ ಅಂದರೆ ಇಷ್ಟು, ಹೆಚ್ಚು ಅಂದರೆ ಇಷ್ಟು.

ಇದರಲ್ಲಿ ಎರಡು ಸೀಡ್‌ಗಳನ್ನು ಬೇರೆ ಬೇರೆ ಇಟ್ಟಿದ್ದೇನೆ ನೋಡಿ. ವಿಂಗಡಣೆಯ ಸೀಡ್ `s` ಬದಲಾಗುತ್ತದೆ, ಮಾಡೆಲ್‌ನ ಸೀಡ್ 0ಗೇ ನಿಂತಿದೆ. ಇನ್ನೊಂದು ಸಲ ಇದನ್ನು ತಿರುವಿಹಾಕಿ: ವಿಂಗಡಣೆಯನ್ನು ನಿಲ್ಲಿಸಿ, ಮಾಡೆಲ್‌ನ ಸೀಡ್ ಬದಲಿಸಿ. ಆಗ ಏರಿಳಿತ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ. ಈ ಪ್ರಾಜೆಕ್ಟಿನಲ್ಲಿ ಮಾಡೆಲ್ ಸೀಡ್ ಬದಲಿಸಿದರೆ ಒಂದೆರಡು ಫೋಟೋ ಅಲುಗಾಡುತ್ತಿತ್ತು, ಅಷ್ಟೇ. ಕುಣಿಯುತ್ತಿದ್ದದ್ದು ವಿಂಗಡಣೆಯಿಂದ. ಅದಕ್ಕೆ ಮದ್ದು ಹೆಚ್ಚು ಫೋಟೋಗಳು, ಹೆಚ್ಚು ಮರಗಳಲ್ಲ.

ಒಂದು ಎಚ್ಚರಿಕೆ. ಹತ್ತು ಸಲ ಓಡಿಸಿದೆ, ಹಾಗಾಗಿ ತಪ್ಪಿನ ಅಂದಾಜನ್ನು 10ರ ವರ್ಗಮೂಲದಿಂದ ಭಾಗಿಸಿ ಚಿಕ್ಕದು ಮಾಡುತ್ತೇನೆ ಅನ್ನಬೇಡಿ. ಹತ್ತೂ ಸಲ ಬಳಸಿದ್ದು ಅದೇ 600 ಫೋಟೋ. ಹೊಸ ಡೇಟಾ ಒಂದೂ ಬಂದಿಲ್ಲ.

ಎರಡು ಮಾಡೆಲ್‌ಗಳನ್ನು ಹೋಲಿಸುವಾಗ ಇನ್ನೂ ದೊಡ್ಡ ಅನ್ಯಾಯ ಆಗುತ್ತದೆ. ಅದೇ ರಿಪೋರ್ಟಿನಲ್ಲಿ ಒಂದು ಟೇಬಲ್ ಇತ್ತು. ಎಸ್‌ವಿಎಮ್ 92.5, ರ‍್ಯಾಂಡಮ್ ಫಾರೆಸ್ಟ್ 96.67, "ಆದ್ದರಿಂದ ನಮ್ಮ ವಿಧಾನ ಮೇಲು." ಎರಡನ್ನೂ ಬೇರೆ ಬೇರೆ ಫೈಲಿನಲ್ಲಿ ಓಡಿಸಿದ್ದರು. ಸೀಡ್ ಇರಲಿಲ್ಲ. ಅಂದರೆ ಇಬ್ಬರಿಗೂ ಬೇರೆ ಬೇರೆ ಪ್ರಶ್ನೆಪತ್ರಿಕೆ. ಹತ್ತು ವಿಂಗಡಣೆಗಳಲ್ಲೂ ಎರಡೂ ಮಾಡೆಲ್‌ಗಳಿಗೆ ಅದೇ 120 ಫೋಟೋ ಕೊಟ್ಟು, ಪ್ರತಿ ಸಲ ಯಾರು ಎಷ್ಟು ಫೋಟೋ ಮುಂದೆ ಅಂತ ನೋಡಿದರೆ ಮಾತ್ರ ಆ ಟೇಬಲ್‌ಗೆ ಅರ್ಥ. ಹಾಗೆ ನೋಡಿದಾಗ ಕೆಲವು ಸಲ ಎಸ್‌ವಿಎಮ್ಮೇ ಮುಂದಿತ್ತು.

ಸೀಡ್ ಹಾಕಿದ ಮೇಲೂ ಹುಡುಗರು ಸಿಕ್ಕಿಬೀಳುವ ಒಂದು ಜಾಗ ಇದೆ. "ಸರ್, ನನ್ನ ಲ್ಯಾಪ್‌ಟಾಪಿನ್ಯಾಗ ಒಂದ ಬರ್ತದ, ಅವನ ಲ್ಯಾಪ್‌ಟಾಪಿನ್ಯಾಗ ಇನ್ನೊಂದ ಬರ್ತದ." ಕೋಡ್ ಅದೇ, ಸೀಡ್ ಅದೇ, ಫೋಟೋ ಅವೇ. ಮೊದಲು `os.listdir` ಇದೆಯಾ ಅಂತ ಹುಡುಕಿ. ಅದು ಫೈಲುಗಳನ್ನು ಇಂಥದ್ದೇ ಕ್ರಮದಲ್ಲಿ ಕೊಡುತ್ತೇನೆ ಅಂತ ಮಾತು ಕೊಟ್ಟಿಲ್ಲ. ವಿಂಡೋಸ್‌ನಲ್ಲಿ ಒಂದು ಕ್ರಮ, ಲಿನಕ್ಸ್‌ನಲ್ಲಿ ಬೇರೆ ಕ್ರಮ ಬರಬಹುದು. ಸೀಡ್ ಹೇಳುವುದು "17ನೇ ಜಾಗದ್ದು ಟೆಸ್ಟ್‌ಗೆ" ಅಂತ. 17ನೇ ಜಾಗದಲ್ಲಿ ಯಾವ ಫೋಟೋ ಕೂತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. `sorted(os.listdir(path))` ಅಂತ ಬರೆದರೆ ಈ ತಕರಾರು ಮುಗಿಯಿತು. ಇನ್ನೂ ಗಟ್ಟಿ ದಾರಿ ಅಂದರೆ, ಯಾವ ಫೈಲು ಟ್ರೇನ್, ಯಾವ ಫೈಲು ಟೆಸ್ಟ್ ಅಂತ ಒಂದು ಸಿಎಸ್‌ವಿಯಲ್ಲಿ ಬರೆದಿಟ್ಟು ಅದನ್ನು ಕೋಡ್ ಜೊತೆಗೆ ಕೊಡುವುದು. ನಾಳೆ ಲೈಬ್ರರಿ ಬದಲಾದರೂ ಆ ಪಟ್ಟಿ ಬದಲಾಗುವುದಿಲ್ಲ.

ಜಿಪಿಯು ಮೇಲೆ ನ್ಯೂರಲ್ ನೆಟ್‌ವರ್ಕ್ ಓಡಿಸುವವರಿಗೆ ಇನ್ನೂ ತಲೆನೋವಿದೆ. ಕೆಲವು ಲೆಕ್ಕಗಳಲ್ಲಿ ಸಾವಿರಾರು ಥ್ರೆಡ್‌ಗಳು ಯಾವ ಕ್ರಮದಲ್ಲಿ ಕೂಡುತ್ತವೆ ಅನ್ನುವುದರ ಮೇಲೆ ಮೊತ್ತದ ಕೊನೆಯ ಅಂಕಿ ಬದಲಾಗುತ್ತದೆ. ಟ್ರೇನಿಂಗ್ ಮುಂದುವರಿದಂತೆ ಅದು ಬೆಳೆಯುತ್ತದೆ. ಪೈಟಾರ್ಚ್‌ನಲ್ಲಿ `torch.manual_seed` ಜೊತೆಗೆ `torch.use_deterministic_algorithms(True)` ಹಾಕಿದರೆ ಬಹಳ ಮಟ್ಟಿಗೆ ಹತೋಟಿಗೆ ಬರುತ್ತದೆ, ವೇಗ ಸ್ವಲ್ಪ ಕಡಿಮೆಯಾಗಬಹುದು. ಬೇರೆ ಜಿಪಿಯು, ಬೇರೆ ವರ್ಷನ್ ಆದರೆ ತಾಳೆಯಾಗುವ ಗ್ಯಾರಂಟಿ ಆಗಲೂ ಇಲ್ಲ. ವೈವಾದಲ್ಲಿ ಇದಕ್ಕಾಗಿ ಯಾರ ಮಾರ್ಕ್ಸನ್ನೂ ನಾನು ಕತ್ತರಿಸುವುದಿಲ್ಲ.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಶಫಲ್‌ನದ್ದೇ. ಆ 600 ಫೋಟೋ ಬಂದದ್ದು ನಾಲ್ಕು ತೋಟಗಳಿಂದ. ಒಂದೇ ಹಣ್ಣನ್ನು ಮೂರು ನಾಲ್ಕು ಕಡೆಯಿಂದ ತೆಗೆದಿದ್ದರು. ಫೋಟೋ ಲೆಕ್ಕದಲ್ಲಿ ಶಫಲ್ ಮಾಡಿದರೆ ಒಂದು ಹಣ್ಣಿನ ಎಡಗಡೆ ಟ್ರೇನ್‌ನಲ್ಲಿ, ಅದೇ ಹಣ್ಣಿನ ಬಲಗಡೆ ಟೆಸ್ಟ್‌ನಲ್ಲಿ. ಯಾವ ಸೀಡ್ ಕೊಟ್ಟರೂ ಹೀಗೇ ಆಗುತ್ತದೆ. ಹಾಗಾಗಿ ಹತ್ತು ಸೀಡ್‌ನ ಸರಾಸರಿ 93 ಅನ್ನುವುದೂ ಉಬ್ಬಿದ ಲೆಕ್ಕವೇ. ಇಲ್ಲಿ ಶಫಲ್ ಮಾಡಬೇಕಾದದ್ದು ಫೋಟೋಗಳನ್ನಲ್ಲ, ತೋಟಗಳನ್ನು. ಸೈಕಿಟ್-ಲರ್ನ್‌ನಲ್ಲಿ `LeaveOneGroupOut` ಇದೆ, ತೋಟದ ಹೆಸರನ್ನೇ ಗ್ರೂಪ್ ಅಂತ ಕೊಟ್ಟರೆ ಸಾಕು. ಮೂರು ತೋಟದಿಂದ ಕಲಿತು ನಾಲ್ಕನೆಯದರ ಮೇಲೆ ಪರೀಕ್ಷೆ.

ಹುಡುಗರ ಫೈಲ್ ಹೆಸರಿನಲ್ಲೇ ತೋಟದ ಗುರುತು ಇತ್ತು, ನಮ್ಮ ಪುಣ್ಯ. ನಾಲ್ಕೂ ತೋಟಗಳಲ್ಲಿ ರೋಗದ ಹಣ್ಣು, ಒಳ್ಳೆಯ ಹಣ್ಣು ಎರಡೂ ಇವೆಯಾ ಅಂತ ಮೊದಲು ನೋಡಿಕೊಂಡೆವು. ಒಂದು ತೋಟದಿಂದ ಬರೀ ರೋಗದ ಹಣ್ಣೇ ಬಂದಿದ್ದರೆ ಮಾಡೆಲ್ ರೋಗವನ್ನು ಬಿಟ್ಟು ಆ ತೋಟದ ಮಣ್ಣು, ಬೆಳಕನ್ನು ಕಲಿತಿರುತ್ತದೆ. ಆಮೇಲೆ ಓಡಿಸಿದೆವು. ಮೂರು ತೋಟಗಳು ಎಂಬತ್ತರ ಮೇಲೆ ಬಂದವು. ನಾಲ್ಕನೆಯದು 70 ದಾಟಲಿಲ್ಲ. ಆ ತೋಟದ ಫೋಟೋಗಳನ್ನು ಸಂಜೆ ಹೊತ್ತು ಬೇರೆ ಫೋನಿನಲ್ಲಿ ತೆಗೆದಿದ್ದರಂತೆ.

ಗೈಡ್ ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. 96 ಇದ್ದದ್ದನ್ನು 70 ಮಾಡಿಟ್ಟಿರಿ ಅಂದರು. 70 ಮೊದಲೂ ಅಲ್ಲೇ ಇತ್ತು, ಶಫಲ್ ಅದನ್ನು ಮುಚ್ಚಿಟ್ಟಿತ್ತು ಅಂದೆ. ಹುನಗುಂದದ ಕಡೆಯ ರೈತರೊಬ್ಬರು ತಮ್ಮ ಹಣ್ಣಿನ ಫೋಟೋ ಹಾಕಿದರೆ ಅವರಿಗೆ ಸಿಗುವುದು ಐದನೇ ತೋಟದ ಅಕ್ಯುರೆಸಿ. ಅದು ಈ ನಾಲ್ಕರ ಹತ್ತಿರ ಇರುತ್ತದೆಯೇ ಹೊರತು ದಪ್ಪ ಅಕ್ಷರದ 96.67ರ ಹತ್ತಿರ ಅಲ್ಲ.

ಮಾರ್ಕ್ಸ್ ವಿಷಯ ಕೇಳುವವರಿಗೆ: ಒಳ್ಳೆಯ ಮಾರ್ಕ್ಸೇ ಕೊಟ್ಟೆ. ಸಂಜೆಯ ಬೆಳಕು, ಬೇರೆ ಫೋನು ಅನ್ನುವ ಕಾರಣವನ್ನು ನಾನು ಹೇಳಿದ್ದಲ್ಲ, ಆ ಹುಡುಗರೇ ಫೋಟೋಗಳನ್ನು ತೆರೆದು ನೋಡಿ ಕಂಡುಹಿಡಿದದ್ದು. ರಿಪೋರ್ಟಿನ ಟೇಬಲ್ ತೆಗೆದು ನಾಲ್ಕು ತೋಟದ ನಾಲ್ಕು ಅಂಕಿ, ಸೀಡ್‌ಗಳು, ಫೈಲುಗಳ ಪಟ್ಟಿ ಹಾಕಿ ತರಲು ಹೇಳಿ ಕಳಿಸಿದೆ.