ಚಲನ್‌ಗೆ ಸಹಿ ಹಾಕುವ ಮೊದಲು ಎಣಿಸಿ

“ಸರಕಿನ ಜೊತೆ ಚಲನ್ ಬಂತು, ಆಮೇಲೆ ಇನ್‌ವಾಯ್ಸ್ ಬಂತು. ಎರಡೂ ಬಿಲ್ಲೇ ಅಲ್ಲವೇ? ರಸೀದಿ ಬೇರೆ ಏಕೆ?” ಹೊಸದಾಗಿ ಅಂಗಡಿ ಇಟ್ಟವರು ಹೀಗೆ ಕೇಳುವುದುಂಟು.

ಅಲ್ಲ. ಯಾವ ಸರಕು ಎಷ್ಟು ಬಂತು ಎಂಬುದಕ್ಕೆ ಚಲನ್. ಹಣ ಕೇಳುವುದು ಇನ್‌ವಾಯ್ಸ್. ನೀವು ಗಿರಾಕಿಗೆ ಕೊಡುವ ಬಿಲ್ ಕೂಡ ಇನ್‌ವಾಯ್ಸ್ ಜಾತಿಯದೇ, ಹಣ ಸಾಮಾನ್ಯವಾಗಿ ಆಗಲೇ ಕೈಗೆ ಬರುತ್ತದೆ ಅಷ್ಟೆ.

ಹೊಸಬರು ಎಡವುವುದು ಚಲನ್‌ನಲ್ಲಿ. 50 ಡಬ್ಬಿ ಎಂದು ಬರೆದಿದ್ದು 48 ಮಾತ್ರ ಇಳಿದಿದ್ದರೆ, ಸಹಿಗೆ ಮೊದಲೇ ಎರಡೂ ಪ್ರತಿಗಳಲ್ಲಿ ‘48 ತಲುಪಿದೆ, 2 ಕಡಿಮೆ’ ಎಂದು ಬರೆಯಿರಿ. ಸುಮ್ಮನೆ ಸಹಿ ಹಾಕಿದರೆ 50 ಪಡೆದಿರಿ ಎಂದೇ ಲೆಕ್ಕ. ಇನ್‌ವಾಯ್ಸ್ ಬಂದಾಗ ಚಲನ್ ಪಕ್ಕದಲ್ಲಿಟ್ಟು ನೋಡಿ. 50ಕ್ಕೆ ಮೊತ್ತ ಹಾಕಿದ್ದರೆ ಆ 2 ಡಬ್ಬಿಯ ಹಣವನ್ನು ಬಾಕಿಯಿಂದ ಕಳೆಯುವ ಚೀಟಿ, ಅಂದರೆ ಕ್ರೆಡಿಟ್ ನೋಟ್ ಕೇಳಿ.

ರಸೀದಿ ಹಣ ಸಂದಾಯವಾದದ್ದಕ್ಕೆ ಸಾಕ್ಷಿ. ಅದರಲ್ಲಿ ಇನ್‌ವಾಯ್ಸ್ ಸಂಖ್ಯೆ ಬರೆಸಿಕೊಳ್ಳಿ. ಇಲ್ಲದಿದ್ದರೆ ಯಾವ ಬಾಕಿ ತೀರಿತು ಎಂಬುದೇ ಜಗಳವಾಗುತ್ತದೆ.